ಒಂದೇ ಬೋನಸ್, ಎರಡೆರಡು ಸಲ ಖರ್ಚು

ದೀಪಾವಳಿ ಹತ್ತಿರ ಬಂದಂತೆ ಕಾರವಾರದ ಸಂಬಳದಾರರ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: "ಬೋನಸ್ಸಿನಲ್ಲಿ ಆಗ್ತದೆ ಬಿಡು." ಮಕ್ಕಳ ಬಟ್ಟೆಗೆ ಅದೇ ಮಾತು, ಹೊಸ ಮೊಬೈಲಿಗೆ ಅದೇ ಮಾತು, ಹಬ್ಬ ಮುಗಿದ ಮೇಲೆ ಎರಡು ದಿನ ಗೋವಾಕ್ಕೆ ಹೋಗಿಬರುವುದಕ್ಕೂ ಅದೇ. ಒಂದೊಂದನ್ನೇ ತೆಗೆದುಕೊಂಡರೆ ಮಾತಿನಲ್ಲಿ ಸುಳ್ಳೇನಿಲ್ಲ, ಪ್ರತಿಯೊಂದೂ ಬೋನಸ್ಸಿನಲ್ಲಿ ಆಗುವಂಥದ್ದೇ. ಎಲ್ಲವನ್ನೂ ಕೂಡಿಸಿದರೆ ಆಗುವುದಿಲ್ಲ, ಆದರೆ ಕೂಡಿಸಿ ನೋಡಿದವರು ಯಾರೂ ಇರುವುದಿಲ್ಲ. ವಿಶೇಷವೆಂದರೆ ಇದೇ ಮನೆಗಳಲ್ಲಿ ಸಂಬಳದ ಲೆಕ್ಕ ಬಹಳ ಬಿಗಿಯಾಗಿರುತ್ತದೆ. ಹಾಲಿನ ಬಾಬ್ತು, ಗ್ಯಾಸ್, ಮಕ್ಕಳ ಫೀ, ಸೊಸೈಟಿಯ ಕಂತು ಎಲ್ಲವೂ ಅವರ ಬಾಯಲ್ಲೇ ಇರುತ್ತದೆ.

ಹಣ ಹಣವೇ, ಸಂಬಳದ ಐದುನೂರರ ನೋಟಿಗೂ ಬೋನಸ್ಸಿನ ಐದುನೂರರ ನೋಟಿಗೂ ಅಂಗಡಿಯಲ್ಲಿ ಒಂದೇ ಬೆಲೆ. ಆದರೂ ಮನಸ್ಸು ಅವೆರಡನ್ನೂ ಬೇರೆ ಬೇರೆ ಖಾತೆಗೆ ಹಾಕಿ, ಪ್ರತಿ ಖಾತೆಗೂ ಬೇರೆ ಬೇರೆ ನಿಯಮ ಇಟ್ಟುಕೊಳ್ಳುತ್ತದೆ. ಇದನ್ನು ಮಾನಸಿಕ ಲೆಕ್ಕಾಚಾರ ಎಂದು ಕರೆದು ಅರ್ಥಶಾಸ್ತ್ರದೊಳಗೆ ತಂದವರು ಅಮೆರಿಕದ ರಿಚರ್ಡ್ ಥೇಲರ್. 1980ರಿಂದ ಈ ಬಗ್ಗೆ ಬರೆಯುತ್ತ ಬಂದ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ಕೆಲಸದ ಬಗ್ಗೆ ಸಾಮಾನ್ಯವಾಗಿ ಜನ ಹೇಳುವುದು, "ಪುಕ್ಕಟೆ ಬಂದ ದುಡ್ಡು ಬೇಗ ಖರ್ಚಾಗುತ್ತದೆ" ಎಂದು. ಅದು ಅರ್ಧ ಮಾತ್ರ ನಿಜ. ಕೆಲವು ಬೋನಸ್ಸುಗಳನ್ನು ಜನ ಸಂಬಳಕ್ಕಿಂತ ಹೆಚ್ಚು ಜೋಪಾನವಾಗಿ ಉಳಿಸುತ್ತಾರೆ, ಕೆಲವನ್ನು ಬಂದದ್ದಕ್ಕಿಂತ ಹೆಚ್ಚು ಖರ್ಚು ಮಾಡುತ್ತಾರೆ. ಯಾವುದು ಯಾವಾಗ ಎನ್ನುವುದೇ ಇಲ್ಲಿ ತಿಳಿಯಬೇಕಾದ ಸಂಗತಿ.

ಮೊದಲು ಬೋನಸ್ ಎಷ್ಟು ದೊಡ್ಡದು ಎಂಬುದನ್ನು ನೋಡೋಣ. ನಮ್ಮ ದೇಶದ ಬೋನಸ್ ಕಾನೂನಿನಲ್ಲಿ ವರ್ಷದ ವೇತನದ ಕನಿಷ್ಠ ಶೇ. 8.33, ಗರಿಷ್ಠ ಶೇ. 20 ಎಂದು ನಿಗದಿಯಾಗಿದೆ. ಈ 8.33 ಎಲ್ಲಿಂದ ಬಂತು ಎಂದರೆ, ನೂರನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ಅದೇ. ಅಂದರೆ ವರ್ಷಕ್ಕೆ ಒಂದು ತಿಂಗಳ ವೇತನ. ಕಂಪನಿಗೆ ನಷ್ಟವಾಗಿದ್ದರೂ ಈ ಕನಿಷ್ಠ ಮೊತ್ತ ಕೊಡಲೇಬೇಕು. ಹಾಗಾಗಿ ಕಾನೂನಿನ ಕಣ್ಣಿಗೆ ಅದು ಮಾಲೀಕ ಖುಷಿಯಿಂದ ಕೊಟ್ಟ ಕಾಣಿಕೆಯಲ್ಲ, ದುಡಿದವನಿಗೆ ತಡವಾಗಿ ಸಲ್ಲುವ ಕೂಲಿ. ಕಾನೂನಿನಲ್ಲಿ ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ ಮಿತಿ ಇರುವುದರಿಂದ ಹಲವರ ಕೈಗೆ ಬರುವುದು ಪೂರ್ತಿ ತಿಂಗಳ ಸಂಬಳಕ್ಕಿಂತ ಕಡಿಮೆಯೇ. ಹಬ್ಬಕ್ಕೆ ಪೂರ್ತಿ ಒಂದು ತಿಂಗಳ ಸಂಬಳ ಕೊಡುವ ಸಂಸ್ಥೆಗಳೂ ಇವೆ. ಒಟ್ಟಿನಲ್ಲಿ ಹೆಚ್ಚಿನವರ ಬೋನಸ್ ವಾರ್ಷಿಕ ಆದಾಯದ ಶೇ. 8ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗೆ ಬರುತ್ತದೆ.

ಈ ಅಂಕಿಯನ್ನು ನೆನಪಿಟ್ಟುಕೊಳ್ಳಲು ಕಾರಣ ಇದೆ. ಎರಡನೇ ಮಹಾಯುದ್ಧದ ನಂತರ ಜರ್ಮನಿ ಇಸ್ರೇಲಿನಲ್ಲಿ ನೆಲೆಸಿದ ಸಂತ್ರಸ್ತರಿಗೆ ಪರಿಹಾರ ಕೊಟ್ಟಿತು. ಆ ಹಣ ಪಡೆದ ಕುಟುಂಬಗಳು ಅದನ್ನು ಏನು ಮಾಡಿದವು ಎಂದು ಮೈಕೆಲ್ ಲ್ಯಾಂಡ್ಸ್‌ಬರ್ಗರ್ ಎಂಬ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ 1966ರಲ್ಲಿ ಪ್ರಕಟಿಸಿದರು. ವಾರ್ಷಿಕ ಆದಾಯದ ಮೂರನೇ ಎರಡರಷ್ಟು ದೊಡ್ಡ ಮೊತ್ತ ಬಂದ ಕುಟುಂಬಗಳು ಅದರಲ್ಲಿ ಕಾಲುಭಾಗಕ್ಕಿಂತ ಕಡಿಮೆ ಖರ್ಚು ಮಾಡಿದ್ದವು. ಆದಾಯದ ಶೇ. 7ರಷ್ಟು ಸಣ್ಣ ಮೊತ್ತ ಬಂದವರು ಮಾತ್ರ ಬಂದದ್ದರ ಎರಡು ಪಟ್ಟು ಖರ್ಚು ಮಾಡಿದ್ದರು. ಒಂದು ರೂಪಾಯಿ ಬಂದರೆ ಎರಡು ರೂಪಾಯಿ ಹೋಗಿತ್ತು. ಒಂದು ಅಧ್ಯಯನದ ಅಂಕಿಯನ್ನು ಅಕ್ಷರಶಃ ಹಿಡಿದುಕೊಳ್ಳಬೇಕಾಗಿಲ್ಲ. ಎಲ್ಲ ಸಣ್ಣ ಬೋನಸ್ಸೂ ದುಪ್ಪಟ್ಟಾಗಿಯೇ ಕರಗುತ್ತದೆ ಎಂದಲ್ಲ. ಆದರೆ ದಿಕ್ಕು ಸ್ಪಷ್ಟವಾಗಿದೆ: ಮೊತ್ತ ಆದಾಯಕ್ಕೆ ಹೋಲಿಸಿದರೆ ಸಣ್ಣದಿದ್ದಷ್ಟೂ ಅದರಲ್ಲಿ ಖರ್ಚಾಗುವ ಪಾಲು ಹೆಚ್ಚು. ನಮ್ಮ ಹಬ್ಬದ ಬೋನಸ್ ಬೀಳುವುದು ಆ ಅಪಾಯದ ತುದಿಯಲ್ಲೇ.

ಯಾಕೆ ಹೀಗೆ ಎನ್ನುವುದಕ್ಕೆ ಥೇಲರ್ ಮತ್ತು ಹರ್ಷ್ ಶೆಫ್ರಿನ್ 1988ರಲ್ಲಿ ಒಂದು ವಿವರಣೆ ಕೊಟ್ಟರು. ಅವರ ಪ್ರಕಾರ ಮನಸ್ಸಿನಲ್ಲಿ ಹಣಕ್ಕೆ ಮೂರು ಖಾತೆಗಳಿವೆ. ಒಂದು, ಈಗಿನ ಆದಾಯ: ಕೈಗೆ ಬಂದದ್ದು, ಖರ್ಚಿಗೇ ಇರುವುದು. ಎರಡು, ಆಸ್ತಿ: ಡಿಪಾಸಿಟ್ಟು, ಬಂಗಾರ, ಆರ್.ಡಿ. ಮೂರು, ಮುಂದೆ ಬರಲಿರುವ ಆದಾಯ: ಪಿ.ಎಫ್., ಪಿಂಚಣಿ, ಇನ್ನೂ ಕೈಗೆ ಬಾರದ ಪಿತ್ರಾರ್ಜಿತ. ಮೊದಲ ಖಾತೆಯಿಂದ ಖರ್ಚು ಮಾಡಲು ಮನಸ್ಸಿಗೆ ಏನೂ ಅಡ್ಡಿಯಿಲ್ಲ, ಎರಡನೆಯದರಿಂದ ಸಂಕೋಚ, ಮೂರನೆಯದನ್ನು ಮುಟ್ಟುವುದೇ ಇಲ್ಲ. ಸಣ್ಣ ಬೋನಸ್ ಮೊದಲ ಖಾತೆಗೆ ಹೋಗುತ್ತದೆ. ದೊಡ್ಡ ಮೊತ್ತ ಒಟ್ಟಿಗೆ ಬಂದರೆ ಅದು ಆದಾಯದಂತೆ ಕಾಣುವುದಿಲ್ಲ, ಆಸ್ತಿಯಂತೆ ಕಾಣುತ್ತದೆ. ಎರಡು ಲಕ್ಷ ಕೈಗೆ ಬಂದವರು ಡಿಪಾಸಿಟ್ಟಿನ ಬಡ್ಡಿ ಎಷ್ಟು ಎಂದು ವಿಚಾರಿಸುತ್ತಾರೆ. ಎಂಟು ಸಾವಿರ ಬಂದವರಿಗೆ ಬಡ್ಡಿಯ ನೆನಪೂ ಆಗುವುದಿಲ್ಲ.

ಜಪಾನಿನಲ್ಲಿ ಬೋನಸ್ ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲೊಮ್ಮೆ ಚಳಿಗಾಲದಲ್ಲೊಮ್ಮೆ, ಹಲವು ತಿಂಗಳ ಸಂಬಳದಷ್ಟು ಬರುವ ಪದ್ಧತಿ. ಅಲ್ಲಿನ ಅಂಕಿಗಳನ್ನು ನೋಡಿ 1984ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸಂಬಳದ ಪ್ರತಿ ಹೆಚ್ಚುವರಿ ನೂರರಲ್ಲಿ ಸುಮಾರು 69 ಖರ್ಚಾಗುತ್ತಿದ್ದರೆ ಬೋನಸ್ಸಿನ ನೂರರಲ್ಲಿ ಸುಮಾರು 44 ಮಾತ್ರ. ಅಲ್ಲಿನ ಬೋನಸ್ ಅನಿರೀಕ್ಷಿತವೇನಲ್ಲ, ಯಾವಾಗ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಆದರೂ ಅದು ದೊಡ್ಡ ಗಂಟಾಗಿ ಬರುವುದರಿಂದ ಆಸ್ತಿಯ ಕಡೆ ವಾಲುತ್ತದೆ. ಬೋನಸ್ ಎಂದ ಮೇಲೆ ದುಂದು ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಗಾತ್ರದ ಜೊತೆಗೆ ಹಣ ಬರುವ ರೀತಿಯೂ ಮುಖ್ಯ. ಥೇಲರ್ ಮತ್ತು ಶೆಫ್ರಿನ್ ಎಂ.ಬಿ.ಎ. ವಿದ್ಯಾರ್ಥಿಗಳ ಮುಂದೆ ಇಟ್ಟ ಪ್ರಶ್ನೆ ಇದು: ನಿಮಗೆ 2,400 ಡಾಲರ್ ಬೋನಸ್ ತಿಂಗಳಿಗೆ 200ರಂತೆ ಹನ್ನೆರಡು ತಿಂಗಳು ಬಂದರೆ ಖರ್ಚು ಎಷ್ಟು ಹೆಚ್ಚಾಗುತ್ತದೆ? ಮಧ್ಯಮ ಉತ್ತರ ತಿಂಗಳಿಗೆ 100, ವರ್ಷಕ್ಕೆ 1,200. ಅದೇ ಹಣ ಒಂದೇ ಸಲ ಬಂದರೆ? ಆ ತಿಂಗಳು 400, ಆಮೇಲೆ ತಿಂಗಳಿಗೆ 35, ಒಟ್ಟು 785. ಅದೇ ಹಣ ಐದು ವರ್ಷದ ನಂತರ ಸಿಗಲಿರುವ ಪಿತ್ರಾರ್ಜಿತವಾದರೆ ಈಗ ಹೆಚ್ಚುವ ಖರ್ಚು ಸೊನ್ನೆ. ಮೊತ್ತ ಮೂರೂ ಕಡೆ ಒಂದೇ. ತಿಂಗಳ ಹಣಕ್ಕೆ ಸೇರಿಕೊಂಡಾಗ ಅದು ಸಂಬಳದೊಳಗೆ ಕರಗಿಹೋಗುತ್ತದೆ, ಗಂಟಾಗಿ ಬಂದಾಗ ಎದ್ದು ಕಾಣುತ್ತದೆ.

ಮೂರನೆಯದು ಹಣಕ್ಕೆ ಅಂಟಿದ ಚೀಟಿ. ನಿಕೊಲಸ್ ಎಪ್ಲೀ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಾರ್ವರ್ಡಿನ ವಿದ್ಯಾರ್ಥಿಗಳಿಗೆ 50 ಡಾಲರ್ ಕೊಟ್ಟರು. ಕೆಲವರಿಗೆ ಅದು ಬೋನಸ್ ಎಂದರು, ಉಳಿದವರಿಗೆ ನೀವೇ ಕಟ್ಟಿದ ಫೀಯಲ್ಲಿ ವಾಪಸ್ ಬಂದದ್ದು ಎಂದರು. ಒಂದು ವಾರದ ನಂತರ ಕೇಳಿದಾಗ ಬೋನಸ್ ಎಂದು ಪಡೆದವರು ಸರಾಸರಿ 22 ಡಾಲರ್ ಖರ್ಚು ಮಾಡಿದ್ದರು, ವಾಪಸ್ ಎಂದು ಪಡೆದವರು 10ಕ್ಕಿಂತ ಕಡಿಮೆ. ಕಳೆದುಕೊಂಡದ್ದು ಮರಳಿ ಬಂತು ಎನಿಸಿದರೆ ಮನಸ್ಸು ಮೊದಲಿದ್ದ ಜಾಗಕ್ಕೆ ಬಂದು ನಿಲ್ಲುತ್ತದೆ. ಹೊಸದಾಗಿ ಸಿಕ್ಕಿತು ಎನಿಸಿದರೆ ಮಾತ್ರ ಕೈ ಬಿಡುತ್ತದೆ.

ಈಗ ಒಂದು ಮನೆಯ ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡೋಣ. ಉದಾಹರಣೆಗಾಗಿ ಕಟ್ಟಿದ ಮನೆ ಇದು, ಆದರೆ ಅಂಕಿಗಳು ಕಾರವಾರದ ಯಾವ ಬೀದಿಯಲ್ಲೂ ಕಾಣಸಿಗುವಂಥವು. ತಿಂಗಳಿಗೆ ಕೈಗೆ ಬರುವ ಸಂಬಳ 32,000 ರೂಪಾಯಿ, ತಿಂಗಳ ಕೊನೆಯ ದಿನ ಜಮಾ ಆಗುತ್ತದೆ. ಎಲ್ಲ ಖರ್ಚು ಕಳೆದು ಸಾಮಾನ್ಯ ತಿಂಗಳಲ್ಲಿ 1,500 ಉಳಿಯುತ್ತದೆ. ಆರ್.ಡಿ.ಯಲ್ಲಿ 40,000 ಇದೆ. ಸೊಸೈಟಿಯಲ್ಲಿ ಬಂಗಾರದ ಮೇಲೆ 60,000 ಸಾಲ ಇದೆ, ಬಡ್ಡಿ ವರ್ಷಕ್ಕೆ ಶೇ. 11. ಬೋನಸ್ ಒಂದು ತಿಂಗಳ ಸಂಬಳ, 32,000. ಆದೇಶ ಹೊರಬಿದ್ದದ್ದು ಹಬ್ಬಕ್ಕೆ ಇಪ್ಪತ್ತು ದಿನ ಮೊದಲು, ಹಣ ಜಮಾ ಆದದ್ದು ಹಬ್ಬಕ್ಕೆ ಐದು ದಿನ ಇರುವಾಗ.

ಈ ನಡುವಿನ ಹದಿನೈದು ದಿನಗಳೇ ಎಲ್ಲಕ್ಕಿಂತ ದುಬಾರಿ. ಹಣ ಬಂದಿಲ್ಲ, ಆದರೆ ಬರುವುದು ಖಚಿತ. ಬ್ಯಾಂಕಿನ ಖಾತೆಯಲ್ಲಿ ಇಲ್ಲದ್ದರಿಂದ ಅದು ಕಡಿಮೆಯಾಗುವುದೂ ಕಾಣುವುದಿಲ್ಲ. ಮೊದಲು ಬಟ್ಟೆ: 9,500. ಮನಸ್ಸಿನ ಖಾತೆ ಹೇಳುವುದು, ಇನ್ನೂ ಬಹಳಷ್ಟು ಉಳಿಯಿತು ಎಂದು. ನಂತರ ಹಬ್ಬದ ಸಾಮಾನು, ಸಿರ್ಸಿ ಕಡೆಯ ಮನೆಗೆ ಹೋಗಿಬರುವ ಖರ್ಚು, ಪಟಾಕಿ ಎಲ್ಲ ಸೇರಿ 6,000. ಬಳಗದವರಿಗೆ ಉಡುಗೊರೆ 4,000. ಮೊಬೈಲಿನ ಬೆಲೆ 24,000, ಆದರೆ ಕೈಯಿಂದ ಕೊಟ್ಟದ್ದು 6,000, ಉಳಿದ 18,000 ಬಡ್ಡಿಯಿಲ್ಲದ ಒಂಬತ್ತು ಕಂತು, ತಿಂಗಳಿಗೆ 2,000ದಂತೆ. ಹಬ್ಬ ಮುಗಿದ ಮೇಲೆ ಗೋವಾ, 7,500.

ಕೈಯಿಂದ ಹೋದದ್ದನ್ನು ಕೂಡಿಸಿ: 9,500, 6,000, 4,000, 6,000, 7,500. ಒಟ್ಟು 33,000. ಬೋನಸ್ 32,000. ಮನೆಯವರ ಪ್ರಕಾರ ಲೆಕ್ಕ ಬಹುತೇಕ ಸರಿಹೋಯಿತು, ಒಂದು ಸಾವಿರ ಅತ್ತಿತ್ತ. ಆದರೆ ಕೊಂಡ ವಸ್ತುಗಳ ಪೂರ್ತಿ ಬೆಲೆ ಕೂಡಿಸಿದರೆ 51,000 ಆಗುತ್ತದೆ. ಒಂದು ರೂಪಾಯಿ ಬೋನಸ್ಸಿಗೆ ಒಂದು ರೂಪಾಯಿ 59 ಪೈಸೆ. ಹೆಚ್ಚಿಗೆ ಹೋದ 19,000ದಲ್ಲಿ 18,000 ಮುಂದಿನ ಒಂಬತ್ತು ತಿಂಗಳ ಸಂಬಳದ ಮೇಲೆ ಕೂತಿದೆ. ತಿಂಗಳಿಗೆ 1,500 ಉಳಿಯುತ್ತಿದ್ದ ಮನೆಗೆ ಈಗ 2,000ದ ಕಂತು. ಅಂದರೆ ತಿಂಗಳಿಗೆ 500 ಕೊರತೆ, ಒಂಬತ್ತು ತಿಂಗಳು.

ಇಲ್ಲಿ ತಪ್ಪಿದ್ದು ಎಲ್ಲಿ ಎಂದು ಹುಡುಕಿದರೆ ಯಾವ ಖರ್ಚೂ ಅತಿಯೆನಿಸುವುದಿಲ್ಲ. ಬಟ್ಟೆ ಬೇಕಿತ್ತು, ಹಳೆಯ ಮೊಬೈಲು ಹಾಳಾಗಿತ್ತು. ತಪ್ಪಿದ್ದು ಕಳೆಯುವ ಕೆಲಸದಲ್ಲಿ. ಸಂಬಳದ ಪ್ರತಿ ರೂಪಾಯಿಗೂ ಬರುವ ಮೊದಲೇ ಒಬ್ಬ ಹಕ್ಕುದಾರ ಇರುತ್ತಾನೆ: ಬಾಡಿಗೆ, ಫೀ, ಕಂತು. ಹೊಸ ಖರ್ಚು ಬಂದರೆ ಯಾವುದೋ ಹಳೆಯ ಹಕ್ಕುದಾರನನ್ನು ತಳ್ಳಬೇಕು, ಆ ತಳ್ಳಾಟ ಮನಸ್ಸಿಗೆ ತಾಗುತ್ತದೆ. ಬೋನಸ್ಸಿಗೆ ಹಕ್ಕುದಾರರಿಲ್ಲ. ಆದ್ದರಿಂದ ಪ್ರತಿ ಹೊಸ ಖರ್ಚೂ ಪೂರ್ತಿ 32,000ದ ಎದುರಿಗೇ ನಿಲ್ಲುತ್ತದೆ, ಈಗಾಗಲೇ ಖರ್ಚಾಗಿ ಉಳಿದ ಹಣದ ಎದುರಿಗಲ್ಲ. 32,000ದ ಮುಂದೆ 7,500 ಸಣ್ಣದೇ. ಉಳಿದ 6,500ದ ಮುಂದೆ ಇಟ್ಟಿದ್ದರೆ ಗೋವಾ ಪ್ರಯಾಣದ ಮಾತು ಬೇರೆಯೇ ಆಗುತ್ತಿತ್ತು. ಕಂತಿನ ಸಾಲ ಇದಕ್ಕೆ ಇನ್ನೊಂದು ತೂತು ಸೇರಿಸುತ್ತದೆ, ಏಕೆಂದರೆ 24,000ದ ವಸ್ತು ಬೋನಸ್ ಖಾತೆಯಲ್ಲಿ 6,000 ಎಂದು ಬರೆಯಲ್ಪಡುತ್ತದೆ.

ಇನ್ನೊಂದು ಕಡೆ ನೋಡಿ, ಬಂಗಾರದ ಸಾಲದ ನೆನಪು ಈ ಇಪ್ಪತ್ತು ದಿನಗಳಲ್ಲಿ ಒಮ್ಮೆಯೂ ಬರಲಿಲ್ಲ. ಅದರ ಬಡ್ಡಿ ವರ್ಷಕ್ಕೆ 6,600. ಬೋನಸ್ಸಿನಲ್ಲಿ 20,000 ಅದಕ್ಕೆ ಕಟ್ಟಿದ್ದರೆ ವರ್ಷಕ್ಕೆ 2,200 ಬಡ್ಡಿ ಉಳಿಯುತ್ತಿತ್ತು. ಆದರೆ ಮನಸ್ಸಿನ ಪುಸ್ತಕದಲ್ಲಿ ಸಾಲ ತೀರಿಸುವುದು ಸಂಬಳದ ಕೆಲಸ, ಹಬ್ಬ ಮಾಡುವುದು ಬೋನಸ್ಸಿನ ಕೆಲಸ. ಎರಡು ಖಾತೆಗಳ ನಡುವೆ ಹಣ ಓಡಾಡುವುದಿಲ್ಲ.

ಇದೇ ಮನೆ ಶೇ. 11ರ ಸಾಲ ಇಟ್ಟುಕೊಂಡು ಅದಕ್ಕಿಂತ ಕಡಿಮೆ ಬಡ್ಡಿಯ ಆರ್.ಡಿ. ಕಟ್ಟುತ್ತಿದೆ. ಲೆಕ್ಕಪತ್ರ ಬಲ್ಲವರು ಇದನ್ನು ನೋಡಿ ಕೂಡಲೇ ಆರ್.ಡಿ. ಮುರಿದು ಸಾಲ ತೀರಿಸಿ ಎನ್ನುತ್ತಾರೆ. ಆರ್.ಡಿ. ಬಡ್ಡಿ ಶೇ. 7 ಎಂದು ಹಿಡಿದರೆ ವ್ಯತ್ಯಾಸ ಶೇ. 4, ಅಂದರೆ 40,000ದ ಮೇಲೆ ವರ್ಷಕ್ಕೆ 1,600 ರೂಪಾಯಿ. ಅಷ್ಟು ಹಣ ವ್ಯರ್ಥ ಹೋಗುತ್ತಿದೆ ಎಂದು ನನಗೆ ಅನ್ನಿಸುವುದಿಲ್ಲ. ಮುರಿದ ಆರ್.ಡಿ. ಮತ್ತೆ ಕಟ್ಟಲ್ಪಡುವುದು ಅಪರೂಪ, ಆದರೆ ಬಿಡಿಸಿಕೊಂಡ ಬಂಗಾರ ಎರಡು ತಿಂಗಳಲ್ಲಿ ಮತ್ತೆ ಸೊಸೈಟಿಯ ತಿಜೋರಿಗೆ ಹೋಗುವುದು ಅಪರೂಪವಲ್ಲ. ಮನಸ್ಸು ಹಾಕಿಕೊಂಡ ಆ ಗೋಡೆ ವರ್ಷಕ್ಕೆ 1,600 ಬಾಡಿಗೆ ಕೇಳುತ್ತದೆ, ಅದಕ್ಕೆ ಬದಲಾಗಿ 40,000ವನ್ನು ಕಾಯುತ್ತದೆ. ಹಾಗಾಗಿ ಎಲ್ಲ ಮಾನಸಿಕ ಖಾತೆಗಳನ್ನೂ ಒಡೆದು ಒಂದು ಮಾಡಬೇಕು ಎಂಬ ಸಲಹೆ ನನಗೆ ಒಪ್ಪಿಗೆಯಾಗುವುದಿಲ್ಲ. ಬೋನಸ್ಸಿನ ಸಮಸ್ಯೆ ಖಾತೆ ಇರುವುದರಿಂದ ಹುಟ್ಟಿದ್ದಲ್ಲ, ಆ ಖಾತೆಗೆ ಬಾಕಿ ಎಷ್ಟು ಎಂದು ತೋರಿಸುವ ಪುಸ್ತಕ ಇಲ್ಲದಿರುವುದರಿಂದ ಹುಟ್ಟಿದ್ದು.

ನಿಮ್ಮ ಮನೆಯ ಬೋನಸ್ ಎಷ್ಟು ಪಟ್ಟು ಖರ್ಚಾಯಿತು ಎಂದು ತಿಳಿಯಲು ಪಾಸ್‌ಬುಕ್ಕಿನ ಬಾಕಿಯೊಂದೇ ಸಾಲದು, ಅದು ದಾರಿ ತಪ್ಪಿಸುತ್ತದೆ. ಎರಡು ದಿನಗಳನ್ನು ಆರಿಸಿಕೊಳ್ಳಬೇಕು: ಬೋನಸ್ ಬರುವ ತಿಂಗಳಿಗೆ ಮುಂಚಿನ ಸಂಬಳದ ಹಿಂದಿನ ದಿನ, ಮತ್ತು ಬೋನಸ್ ಬಂದ ನಂತರದ ಸಂಬಳದ ಹಿಂದಿನ ದಿನ. ಎರಡೂ ದಿನ ಖಾತೆಯಲ್ಲಿದ್ದ ಹಣದಿಂದ ಕಾರ್ಡಿನ ಬಾಕಿ ಮತ್ತು ಇನ್ನೂ ಕಟ್ಟಬೇಕಾದ ಎಲ್ಲ ಹೊಸ ಕಂತುಗಳನ್ನು ಕಳೆಯಬೇಕು. ಮೇಲಿನ ಮನೆಯಲ್ಲಿ ಮೊದಲ ದಿನ ಖಾತೆಯಲ್ಲಿ 6,000 ಇತ್ತು, ಬಾಕಿ ಏನೂ ಇರಲಿಲ್ಲ. ಎರಡನೇ ದಿನ ಖಾತೆಯಲ್ಲಿ 6,500: ಆರು ಸಾವಿರಕ್ಕೆ ಬೋನಸ್ 32,000 ಮತ್ತು ತಿಂಗಳ ಉಳಿತಾಯ 1,500 ಸೇರಿ, 33,000 ಕಳೆದು. ಪಾಸ್‌ಬುಕ್ ನೋಡಿದವರಿಗೆ ಐದುನೂರು ಹೆಚ್ಚೇ ಆಗಿದೆ. ಆದರೆ 18,000ದ ಕಂತು ಕಳೆದರೆ ಮೈನಸ್ 11,500. ಬೋನಸ್ಸೇ ಬಾರದೆ, ಈ ಖರ್ಚುಗಳೂ ಆಗದೆ ಸಾಮಾನ್ಯವಾಗಿ ಕಳೆದ ತಿಂಗಳಾಗಿದ್ದರೆ 7,500 ಇರುತ್ತಿತ್ತು. ವ್ಯತ್ಯಾಸ 19,000. ಬೋನಸ್ ಬಂದ ತಿಂಗಳು ಮನೆಯ ಕೈ ಅಷ್ಟು ಹಿಂದೆ ಸರಿದಿದೆ.

ಈ ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ಹಬ್ಬ ಪ್ರತಿ ವರ್ಷ ಬರುತ್ತದೆ, ಬೋನಸ್ ಇಲ್ಲದಿದ್ದರೂ ಒಂದಷ್ಟು ಖರ್ಚು ಆಗಿಯೇ ಆಗುತ್ತಿತ್ತು. ಅದನ್ನೂ ಬೋನಸ್ಸಿನ ತಲೆಗೆ ಕಟ್ಟಬಾರದು. ಹಿಂದೆ ಬೋನಸ್ ಬಾರದ ವರ್ಷವೇನಾದರೂ ಇದ್ದರೆ ಆ ಹಬ್ಬದ ಖರ್ಚನ್ನು ಪಕ್ಕದಲ್ಲಿಟ್ಟು ನೋಡಿದರೆ ನಿಜವಾದ ಹೆಚ್ಚಳ ತಿಳಿಯುತ್ತದೆ.

ಘಟ್ಟ ಹತ್ತಿ ಸಿರ್ಸಿಗೆ ಹೋದರೆ ಇದೇ ವಿಷಯ ತಲೆಕೆಳಗಾಗಿ ಕಾಣುತ್ತದೆ. ಅಡಿಕೆ ಬೆಳೆಗಾರರಿಗೆ ತಿಂಗಳ ಸಂಬಳವೇ ಇಲ್ಲ. ವರ್ಷದ ಆದಾಯ ಕೆಲವೇ ಗಂಟುಗಳಲ್ಲಿ ಬರುತ್ತದೆ. ಸಂಬಳದಾರರ ಕಣ್ಣಿಗೆ ಅದು ದೊಡ್ಡ ಬೋನಸ್ಸಿನಂತೆ ಕಾಣಬಹುದು, ಆದರೆ ಬೆಳೆಗಾರರ ಮನೆಯಲ್ಲಿ ಅದೇ ಸಂಬಳ. ಎಂಟು ಕ್ವಿಂಟಲ್ ಚಾಲಿ ಆಗಬಹುದು, ಕ್ವಿಂಟಲಿಗೆ 42,000 ಸಿಗಬಹುದು ಎಂದು ಅಂದಾಜು ಮಾಡಿದವರ ಮನಸ್ಸಿನಲ್ಲಿ 3,36,000ಕ್ಕೆ ಆಗಲೇ ಹಕ್ಕುದಾರರಿರುತ್ತಾರೆ: ಕೊಯ್ಲಿನ ಕೂಲಿ, ಗೊಬ್ಬರ, ಬೋರ್ಡೋ ಮದ್ದು, ಮಗಳ ಹಾಸ್ಟೆಲ್ ಫೀ. ಮಾರುವ ದಿನ ದರ 47,000 ಇದ್ದರೆ ಬೋನಸ್ ಆಗುವುದು ಹೆಚ್ಚಿಗೆ ಬಂದ 40,000 ಮಾತ್ರ. ಆ ನಲವತ್ತು ಸಾವಿರ ಅಂದಾಜಿನ ಶೇ. 12ರಷ್ಟು, ಅಂದರೆ ಸಣ್ಣ ಮೊತ್ತಗಳ ಗುಂಪಿಗೇ ಹತ್ತಿರ, ಮತ್ತು ಅದರ ಮೇಲೆಯೇ ಮನೆಯವರ ಆಸೆಗಳೆಲ್ಲ ಬೀಳುತ್ತವೆ.

ಆದರೆ ಇಲ್ಲಿ ಒಂದು ವ್ಯವಸ್ಥೆ ತಾನಾಗಿಯೇ ಕೆಲಸ ಮಾಡುತ್ತದೆ. ಸಹಕಾರಿ ಸಂಘದ ಮೂಲಕ ಅಡಿಕೆ ಮಾರಿ, ಅಲ್ಲೇ ಮುಂಗಡ ಎತ್ತಿದವರಿಗೆ ಮಾರಾಟದ ಹಣ ನೇರವಾಗಿ ಕೈಗೆ ಬರುವುದಿಲ್ಲ. ಖಾತೆಗೆ ಜಮಾ ಆಗಿ, ಮುಂಗಡ ಮತ್ತು ಬಡ್ಡಿ ವಜಾ ಆಗಿ, ಉಳಿದದ್ದು ಮಾತ್ರ ಕಾಣುತ್ತದೆ. ಏರಿದ ದರದಿಂದ ಬಂದ ಹಣ ಸಾಲದ ಖಾತೆಯನ್ನು ಹಾದು ಬರುವುದರಿಂದ ಅದಕ್ಕೆ ಬೋನಸ್ ಎಂಬ ಚೀಟಿ ಅಂಟುವ ಮೊದಲೇ ಒಂದು ಪಾಲು ಕೆಲಸ ಮುಗಿಸಿರುತ್ತದೆ. ಸಂಬಳದಾರರ ಬೋನಸ್ಸಿಗೆ ಇಂಥ ಒಂದು ದ್ವಾರ ಇಲ್ಲ, ಅದನ್ನು ತಾವೇ ಕಟ್ಟಿಕೊಳ್ಳಬೇಕು.

ಕಟ್ಟುವುದು ಹೇಗೆ? ಆದೇಶ ಬಂದ ದಿನವೇ ಒಂದು ಹಾಳೆಯ ತಲೆಯಲ್ಲಿ ಕೈಗೆ ಬರುವ ನಿಖರ ಮೊತ್ತ ಬರೆಯಿರಿ. ಆದಾಯ ತೆರಿಗೆ ಕಟ್ಟುವವರು ಇಲ್ಲಿ ಎಡವುತ್ತಾರೆ. ಬೋನಸ್ ಸಂಬಳದ ಭಾಗವಾಗಿಯೇ ತೆರಿಗೆಗೆ ಒಳಪಡುತ್ತದೆ. ಶೇ. 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಶೇ. 31.2 ಹೋದರೆ ಒಂದು ಲಕ್ಷ ಬೋನಸ್ಸಿನಲ್ಲಿ ಕೈಗೆ ಬರುವುದು 68,800. ಖರ್ಚಿನ ಮಾತುಗಳೆಲ್ಲ ಒಂದು ಲಕ್ಷದ ಮೇಲೆ ನಡೆದಿದ್ದರೆ 31,200 ಮೊದಲೇ ಹೆಚ್ಚಾಯಿತು. ಮೇಲೆ ಹೇಳಿದ 32,000 ಸಂಬಳದ ಮನೆಗೆ ಈ ತೊಂದರೆ ಇಲ್ಲ, ಅವರಿಗೆ ಪೂರ್ತಿ ಮೊತ್ತವೇ ಬರುತ್ತದೆ.

ಆ ಮೊತ್ತದ ಕೆಳಗೆ ಪ್ರತಿ ಖರ್ಚನ್ನೂ ಪೂರ್ತಿ ಬೆಲೆಯಲ್ಲಿ ಬರೆದು, ಪ್ರತಿ ಸಲ ಕಳೆದು, ಉಳಿದದ್ದನ್ನು ಎದುರಿಗೆ ಬರೆಯಿರಿ. ಮೊಬೈಲ್ ಎಂದರೆ 24,000 ಎಂದೇ ಬರೆಯಬೇಕು, 6,000 ಎಂದಲ್ಲ. 32,000ದಲ್ಲಿ ಬಟ್ಟೆ ಹೋದರೆ 22,500, ಹಬ್ಬ ಹೋದರೆ 16,500, ಉಡುಗೊರೆ ಹೋದರೆ 12,500. ಮೊಬೈಲಿನ ಸಾಲಿಗೆ ಬಂದಾಗ ಹಾಳೆಯೇ ಇಲ್ಲ ಎನ್ನುತ್ತದೆ. ಹಾಳೆ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಇದ್ದರೂ ಸಾಕು, ಮನೆಯವರೆಲ್ಲ ಅದೊಂದೇ ಹಾಳೆಯಿಂದ ಕಳೆಯಬೇಕು ಅಷ್ಟೆ. ಗಂಡ ಒಂದು ಲೆಕ್ಕ, ಹೆಂಡತಿ ಒಂದು ಲೆಕ್ಕ ಇಟ್ಟರೆ ಒಂದೇ ಬೋನಸ್ ಎರಡು ಪೂರ್ತಿ ಬೋನಸ್ಸುಗಳಾಗುತ್ತವೆ. ದುಪ್ಪಟ್ಟು ಖರ್ಚಿಗೆ ಎಷ್ಟೋ ಮನೆಗಳಲ್ಲಿ ಇದೇ ಸರಳ ಕಾರಣ.

ಹಣ ಜಮಾ ಆದ ದಿನವೇ ಅದನ್ನು ಸಂಬಳದ ಖಾತೆಯಿಂದ ಹೊರಗೆ ತೆಗೆಯಬೇಕು. ಕಾರ್ಡಿನ ಬಾಕಿ ಇದ್ದರೆ ಮೊದಲ ಪಾಲು ಅದಕ್ಕೆ, ತಿಂಗಳಿಗೆ ಶೇ. 3.5 ಬಡ್ಡಿ ಬೀಳುವ ಕಾರ್ಡು ವರ್ಷಕ್ಕೆ ಶೇ. 42 ನುಂಗುತ್ತದೆ, ಅದರ ಮುಂದೆ ಬೇರೆ ಚರ್ಚೆಯೇ ಬೇಡ. ಬಂಗಾರದ ಸಾಲದಂಥದ್ದಾದರೆ ಒಂದು ಪಾಲು ಸಾಲಕ್ಕೆ, ಒಂದು ಪಾಲು ವರ್ಷಕ್ಕೊಮ್ಮೆ ಬರುವ ಖರ್ಚುಗಳಿಗೆ, ಒಂದು ಪಾಲು ಹಬ್ಬಕ್ಕೆ. ವರ್ಷಕ್ಕೊಮ್ಮೆ ಬರುವ ಖರ್ಚುಗಳೆಂದರೆ ಜೂನಿನ ಶಾಲಾ ಫೀ, ಗಾಡಿಯ ವಿಮೆ, ಮನೆ ತೆರಿಗೆ. ಈ ಪಾಲನ್ನು ಬೇರೆ ಬ್ಯಾಂಕಿನ ಖಾತೆಯಲ್ಲಿ ಇಟ್ಟು, ಬ್ಯಾಂಕಿನ ಆ್ಯಪಿನಲ್ಲಿ ಅದಕ್ಕೆ ಜೂನ್ ಫೀ ಎಂದೇ ಹೆಸರಿಟ್ಟರೆ ಹಣಕ್ಕೆ ಹೊಸ ಚೀಟಿ ಅಂಟುತ್ತದೆ. ಎಪ್ಲೀಯವರ ಪ್ರಯೋಗದಲ್ಲಿ ವಾಪಸ್ ಎಂಬ ಮಾತು ಮಾಡಿದ ಕೆಲಸವನ್ನೇ ಇಲ್ಲಿ ಈ ಹೆಸರು ಮಾಡುತ್ತದೆ. ಹಬ್ಬದ ಪಾಲನ್ನು ನಗದಾಗಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಕವರಿನಲ್ಲಿದ್ದ ನೋಟು ಮುಗಿದದ್ದು ಕಣ್ಣಿಗೆ ಕಾಣುತ್ತದೆ, ಯುಪಿಐಯಲ್ಲಿ ಅದು ಸಂಬಳದ ಹಣದೊಡನೆ ಬೆರೆತುಹೋಗುತ್ತದೆ. ಹಬ್ಬದ ಪಾಲನ್ನು ತೀರ ಸಣ್ಣದು ಮಾಡಬೇಡಿ. ಮನೆಯವರಿಗೆ ಸಾಕಾಗದಷ್ಟು ಕಡಿಮೆ ಇಟ್ಟರೆ ಮುಂದಿನ ಸಲ ಯಾರೂ ಹಾಳೆಯನ್ನೇ ಬರೆಯುವುದಿಲ್ಲ.

ಬೋನಸ್ಸನ್ನು ಹನ್ನೆರಡು ಭಾಗ ಮಾಡಿ ತಿಂಗಳಿಗೆ ಇಷ್ಟಿಷ್ಟು ಬಳಸಿ ಎಂದು ಹೇಳುವವರಿದ್ದಾರೆ. ಕೇಳಲು ಶಿಸ್ತಿನ ಮಾತು. ಆದರೆ ಥೇಲರ್ ಮತ್ತು ಶೆಫ್ರಿನ್ ಅವರ ಪ್ರಶ್ನೆಗೆ ವಿದ್ಯಾರ್ಥಿಗಳು ಕೊಟ್ಟ ಉತ್ತರ ನೆನಪಿಸಿಕೊಳ್ಳಿ: ತಿಂಗಳಿಗೆ 200ರಂತೆ ಬಂದ ಹಣದಲ್ಲಿ ಅರ್ಧ ಖರ್ಚಾಯಿತು, ಒಂದೇ ಸಲ ಬಂದದ್ದರಲ್ಲಿ ಮೂರನೇ ಒಂದಕ್ಕಿಂತ ಕೆಳಗೆ. ಒಡೆದರೆ ಪ್ರತಿ ತುಂಡೂ ಸಂಬಳದೊಳಗೆ ಸೇರಿ, ಈಗಿನ ಆದಾಯದ ಖಾತೆಗೆ ಹೋಗುತ್ತದೆ. ಉಳಿಸಬೇಕೆಂದಿರುವ ಪಾಲನ್ನು ಗಂಟಾಗಿಯೇ ಇಡಬೇಕು, ಎರಡು ವರ್ಷದ ಬೋನಸ್ ಸೇರಿಸಿ ಒಂದೇ ಡಿಪಾಸಿಟ್ ಮಾಡಿದರೆ ಇನ್ನೂ ಉತ್ತಮ. 20,000ದ ಎರಡು ರಸೀದಿಗಳಿಗಿಂತ 40,000ದ ಒಂದು ರಸೀದಿ ಮುರಿಯುವುದು ಕಷ್ಟ.

ಕೆಲವು ವರ್ಷ ತಪ್ಪದೆ ಬೋನಸ್ ಬಂದ ಮನೆಗಳಲ್ಲಿ ಬೇರೊಂದು ಬದಲಾವಣೆ ಆಗುತ್ತದೆ. ಅದು ನಿಧಾನವಾಗಿ ಹದಿಮೂರನೇ ಸಂಬಳವಾಗುತ್ತದೆ, ಬರುವ ಮೊದಲೇ ಅದಕ್ಕೂ ಹಕ್ಕುದಾರರು ಹುಟ್ಟುತ್ತಾರೆ. ದುಂದು ಕಡಿಮೆಯಾಗುತ್ತದೆ ಎಂಬ ಮಟ್ಟಿಗೆ ಇದು ಒಳ್ಳೆಯದೇ. ಆದರೆ ಕಾನೂನಿನ ಕನಿಷ್ಠಕ್ಕಿಂತ ಮೇಲೆ ಕೊಡುವ ಪಾಲು ಸಂಸ್ಥೆಯ ಇಚ್ಛೆ, ಅಥವಾ ಆ ವರ್ಷದ ಲಾಭದ ಮೇಲೆ ನಿಂತದ್ದು. ಮನೆಯಲ್ಲಿ ಈ ಹಂತ ಬಂದಿದೆಯೇ ಎಂದು ತಿಳಿಯಲು ನವೆಂಬರ್, ಡಿಸೆಂಬರಿನಲ್ಲಿ ಕಟ್ಟಬೇಕಾದ ಬಾಕಿಗಳನ್ನು ಆಗಸ್ಟಿನಲ್ಲೇ ಪಟ್ಟಿ ಮಾಡಿ ನೋಡಬಹುದು. ಬೋನಸ್ ಬಾರದಿದ್ದರೆ ಅವುಗಳಲ್ಲಿ ಒಂದನ್ನಾದರೂ ಸಂಬಳದಿಂದ ಕಟ್ಟಲಾಗದು ಎಂದಾದರೆ, ಆ ಬಾಬ್ತಿನಷ್ಟು ಹಣವನ್ನು ಈ ವರ್ಷದ ಬೋನಸ್ಸಿನಿಂದಲೇ ಎತ್ತಿ ಮುಂದಿನ ವರ್ಷಕ್ಕೆ ಇಡಬೇಕಾಗುತ್ತದೆ, ಹಬ್ಬದ ಪಾಲು ತೆಗೆಯುವ ಮೊದಲೇ.